ಮದುವೆ ಮನೆಗೆ ಅಂಗೈ ಹುಣ್ಣು ಬೇಡ

ಬೆಳಗಾವಿಯಲ್ಲಿ ಕೂತು ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡುವವರಿಗೆ ಗಾದೆಗಳ ಕಾಟ ಕಡಿಮೆ ಅಂತ ಜನ ಅಂದುಕೊಳ್ಳುತ್ತಾರೆ. ಖಡೇ ಬಜಾರಿನಲ್ಲಿ ಒಂದು ಸುತ್ತು ಹಾಕಿದರೆ ಎರಡೂ ಭಾಷೆ ಕಿವಿಗೆ ಬೀಳುತ್ತವೆ. ಎಷ್ಟೋ ಗಾದೆಗಳು ಎರಡೂ ಕಡೆ ಒಂದೇ. ಅವರು 'ದುರೂನ ಡೋಂಗರ ಸಾಜರೇ' ಅಂದರೆ ನಾವು 'ದೂರದ ಬೆಟ್ಟ ನುಣ್ಣಗೆ' ಅನ್ನುತ್ತೇವೆ. ಕುಣಿಯಲು ಬಾರದವಳಿಗೆ ಅಲ್ಲಿ ಅಂಗಳ ಡೊಂಕು, ಇಲ್ಲಿ ನೆಲ ಡೊಂಕು. ಇಂಥವುಗಳ ಮುಂದೆ ಯಾರೂ ಪೆನ್ನು ಕಚ್ಚುತ್ತ ಕೂರುವುದಿಲ್ಲ.

ತೊಂದರೆ ಕೊಡುವುದು ಮುಕ್ಕಾಲು ಪಾಲು ಹೊಂದುವ ಗಾದೆಗಳು. ಅರ್ಥ ಸರಿ ಇರುತ್ತದೆ, ಆದರೆ ಬಾಯಿಗೆ ಸರಿ ಹೋಗುವುದಿಲ್ಲ. ನಾನು ಈಚೆಗೆ ಮುಗಿಸಿದ್ದು ಕೊಲ್ಹಾಪುರದ ಕಡೆಯ ಒಂದು ರೈತ ಮನೆತನದ ಕಾದಂಬರಿ. ಅದರಲ್ಲೊಬ್ಬ ಅಜ್ಜಿ ಇದ್ದಾಳೆ. ಬಾಯಿ ಬಿಟ್ಟರೆ ಗಾದೆ. ಅವಳನ್ನು ಕನ್ನಡಕ್ಕೆ ಕರೆತರುವಾಗ ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸುತ್ತಿನಲ್ಲಿ ನಾನು ಗಾದೆಗಳನ್ನು ಮುಟ್ಟುವುದೇ ಇಲ್ಲ. ಸುತ್ತಲಿನ ವಾಕ್ಯವನ್ನೆಲ್ಲ ಕನ್ನಡ ಮಾಡಿ, ಗಾದೆಯನ್ನು ಮರಾಠಿಯಲ್ಲೇ ಬಿಟ್ಟು ಮುಂದೆ ಹೋಗುತ್ತೇನೆ. ಜೊತೆಗೆ ಒಂದು ನೋಟ್‌ಬುಕ್ ಇಡುತ್ತೇನೆ. ಗಾದೆ ಯಾವ ಪುಟದಲ್ಲಿದೆ, ಯಾರು ಯಾರಿಗೆ ಹೇಳಿದ್ದು, ಸಿಟ್ಟಿನಲ್ಲೋ ನಗುತ್ತಲೋ, ಆ ಗಾದೆಯೊಳಗಿನ ವಸ್ತು ಮುಂದೆ ಎಲ್ಲಾದರೂ ಮತ್ತೆ ಬರುತ್ತದೆಯೋ, ಇಷ್ಟನ್ನು ಅದರಲ್ಲಿ ಬರೆದಿಡುತ್ತೇನೆ. ಕೊನೆಯದನ್ನು ತುಂಬಲು ಇಡೀ ಪುಸ್ತಕ ಮುಗಿದಿರಬೇಕು. ಅದಕ್ಕೇ ಗಾದೆಯ ಸರದಿ ಕೊನೆಗೆ. ನಿಘಂಟು ಕೊಡುವುದು ಅರ್ಥ ಮಾತ್ರ. ಹೇಳಿದವರ ಮನಸ್ಸು ಆ ಪುಟದಲ್ಲಷ್ಟೇ ಸಿಗುತ್ತದೆ.

ಅದು ಯಾಕೆ ಮುಖ್ಯ ಅನ್ನುವುದಕ್ಕೆ ಮದುವೆಯ ಅಧ್ಯಾಯವನ್ನೇ ನೋಡಿ. ಹೊಸ ಸೊಸೆ ಮನೆಗೆ ಬಂದು ವಾರವೂ ಆಗಿಲ್ಲ. ನೆರೆಯವಳು 'ಹುಡುಗಿ ಹೆಂಗ?' ಅಂತ ಕೇಳುತ್ತಾಳೆ. ಅಜ್ಜಿ ಹೆಮ್ಮೆಯಿಂದ 'ಹಾತಚ್ಯಾ ಕಾಂಕಣಾಲಾ ಆರಸಾ ಕಶಾಲಾ?' ಅನ್ನುತ್ತಾಳೆ. ಕಣ್ಣಿಗೆ ಕಾಣುವುದಕ್ಕೆ ಸಾಕ್ಷಿ ಬೇಡ ಅಂತ. ಕನ್ನಡದ ಜೋಡಿ ಗಾದೆ ಎಲ್ಲರಿಗೂ ಗೊತ್ತು: ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಗಾದೆ ಪುಸ್ತಕಗಳು ಈ ಎರಡನ್ನೂ ಒಂದೇ ಸಾಲಿನಲ್ಲಿಟ್ಟರೆ ಆಶ್ಚರ್ಯವಿಲ್ಲ. ಅರ್ಥದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಆದರೆ ಮರಾಠಿಯಲ್ಲಿ ಕೈಯಲ್ಲಿರುವುದು ಕಂಕಣ. ನಮ್ಮಲ್ಲಿರುವುದು ಹುಣ್ಣು. ಕನ್ನಡದವರು ಈ ಗಾದೆ ಬಳಸುವುದು ಹೆಚ್ಚಾಗಿ ಕೆಟ್ಟದ್ದು ಎದ್ದು ಕಾಣುವಾಗ: ಊರಿನ ರಸ್ತೆ ಹಾಳಾಗಿದೆ, ಲಂಚ ನಡೆದಿದೆ, ಅಂಥ ಕಡೆ. ಹಸಿರು ಬಳೆ ತೊಟ್ಟು ನಿಂತ ಹುಡುಗಿಯನ್ನು ತೋರಿಸಿ ಅಜ್ಜಿ ಹುಣ್ಣಿನ ಮಾತಾಡಿದರೆ ಓದುಗರು ತಡವರಿಸುತ್ತಾರೆ. ಅಜ್ಜಿಗೆ ಸೊಸೆ ಹಿಡಿಸಿಲ್ಲವೇನೋ, ಮುಂದೆ ಜಗಳ ಇದೆಯೇನೋ ಅಂತ ಇಲ್ಲದ ಸುಳಿವು ಹಿಡಿಯುತ್ತಾರೆ.

ಹಾಗಂತ ಪದಕ್ಕೆ ಪದ ಇಟ್ಟು 'ಕೈಯ ಕಂಕಣಕ್ಕೆ ಕನ್ನಡಿ ಏಕೆ' ಅಂದರೆ ಅದು ನಮ್ಮ ಕಡೆಯ ಮುದುಕಿಯ ಬಾಯಲ್ಲಿ ನಿಲ್ಲುವುದಿಲ್ಲ. ನಾನು ಕನ್ನಡ ಗಾದೆಯ ಚೌಕಟ್ಟು ಇಟ್ಟುಕೊಂಡು ಒಳಗಿನ ವಸ್ತುವನ್ನಷ್ಟೇ ಬದಲಿಸಿದೆ: 'ಕೈಯಾಗಿನ ಬಳಿ ನೋಡಾಕ ಕನ್ನಡಿ ಬೇಕೇನವಾ?' ಕನ್ನಡಿ ಬೇಕೇನು ಅನ್ನುವ ಕೊನೆ ಕಿವಿಗೆ ಪರಿಚಯದ್ದು. ಹಾಗಾಗಿ ಕೇಳಿದವರು ಇದು ಗಾದೆಯ ಮಾತು ಅಂತ ಕೂಡಲೇ ಗುರುತಿಸುತ್ತಾರೆ. ಬಳೆ ಸೊಸೆಯ ಕೈಯಲ್ಲೂ ಇದೆ. ಹುಣ್ಣು ಹೋಯಿತು, ಗಾದೆ ಉಳಿಯಿತು.

ಇನ್ನೊಂದು ಬಗೆಯ ತೊಡಕೂ ಇದೆ. ವಸ್ತು ಅದೇ, ಆದರೆ ಗಾದೆಯ ಮುಖ ಬೇರೆ ಕಡೆಗಿರುತ್ತದೆ. 'ಅಡಲಾ ಹರಿ ಗಾಢವಾಚೇ ಪಾಯ ಧರೀ' ಅಂದರೆ ಸಿಕ್ಕಿಬಿದ್ದ ಹರಿ ಕತ್ತೆಯ ಕಾಲು ಹಿಡಿದ ಅಂತ. ನಮ್ಮದು 'ಕಾರ್ಯವಾಸಿ ಕತ್ತೆ ಕಾಲು ಹಿಡಿ'. ಅದೇ ಕತ್ತೆ, ಅದೇ ಕಾಲು! ಕಾದಂಬರಿಯಲ್ಲಿ ಇದನ್ನು ಹೇಳುವವನು ಮನೆಯ ಹಿರಿಮಗ. ಮಳೆ ಕೈಕೊಟ್ಟಿದೆ. ತಾನು ಒಂದು ಕಾಲಕ್ಕೆ ಹೊಲದಿಂದ ಓಡಿಸಿದವನ ಬಳಿಯೇ ಸಾಲ ಕೇಳಿ ಬಂದು, ಕಟ್ಟೆಯ ಮೇಲೆ ಕೂತು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಮರಾಠಿ ಗಾದೆಯಲ್ಲಿ ದೊಡ್ಡವನು ಸಣ್ಣವನಾದ ನೋವಿದೆ. ಕನ್ನಡದ್ದು ಉಪದೇಶ: ಕೆಲಸ ಆಗಬೇಕಾದರೆ ಹಿಡಿ, ನಾಚಬೇಡ ಅನ್ನುವ ಧಾಟಿ. ಅದನ್ನು ಹಾಗೇ ಇಟ್ಟರೆ ನೊಂದವನು ಜಾಣನಾಗಿಬಿಡುತ್ತಾನೆ.

ಇಲ್ಲಿ ಮಾಡಬೇಕಾದ ರಿಪೇರಿ ಸಣ್ಣದು. 'ಹಿಡಿ' ಅನ್ನುವ ಆಜ್ಞೆಯನ್ನು ತೆಗೆದು 'ಹಿಡಿಯಬೇಕಾಗುತ್ತದೆ' ಅನ್ನುವ ಕಡೆಗೆ ತಿರುಗಿಸಿದೆ. 'ಗರಜು ಬಿದ್ದರ ಕತ್ತಿ ಕಾಲೂ ಹಿಡೀಬೇಕಾಗತೈತಿ' ಅಂತ ಬರೆದೆ. ಅಗತ್ಯಕ್ಕೆ 'ಗರಜು' ಅನ್ನುವುದು ನಮ್ಮ ಕಡೆ ದಿನಬಳಕೆಯ ಮಾತು. 'ಕಾಲೂ' ಅನ್ನುವಲ್ಲಿನ ಆ ದೀರ್ಘದಲ್ಲಿ ಅವನ ಸಂಕಟ ಕೂತಿದೆ. ಹರಿ ಬಿಟ್ಟುಹೋದ, ನಿಜ. ಆ ಪುಟದಲ್ಲಿ ದೇವರ ಹೆಸರಿಗೆ ಬೇರೆ ಕೆಲಸ ಇರಲಿಲ್ಲ, ಹಾಗಾಗಿ ಬಿಟ್ಟೆ. ಆ ಮಗನ ಹೆಸರೇ ಹರಿ ಆಗಿದ್ದರೆ ಈ ದಾರಿ ಮುಚ್ಚಿರುತ್ತಿತ್ತು.

ಅತಿ ಜಾಸ್ತಿ ಹೊತ್ತು ತಿಂದಿದ್ದು 'ಘರೋಘರೀ ಮಾತೀಚ್ಯಾ ಚುಲೀ'. ಮನೆಮನೆಯಲ್ಲೂ ಮಣ್ಣಿನ ಒಲೆಯೇ. ಜಗಳವಾಗಿ ತವರಿಗೆ ಬಂದ ಮಗಳಿಗೆ ತಾಯಿ ಹೇಳುವ ಸಮಾಧಾನದ ಮಾತು. ಕನ್ನಡದಲ್ಲಿ ಇದಕ್ಕೆ ಸಿದ್ಧವಾಗಿ ನಿಂತಿದೆ 'ಎಲ್ಲರ ಮನೆ ದೋಸೆಯೂ ತೂತು'. ಅರ್ಥ ಸರಿ, ಧಾಟಿ ಸರಿ, ಮನಸ್ಸೂ ಸರಿ. ಬೆಂಗಳೂರಿನ ಗೆಳೆಯರೊಬ್ಬರು 'ಇದಕ್ಕಿಂತ ಇನ್ನೇನ್ರೀ ಬೇಕು?' ಅಂದರು.

ಆದರೆ ಆ ಮನೆಯಲ್ಲಿ ಇನ್ನೂರು ಪುಟದುದ್ದಕ್ಕೂ ಜೋಳದ ಭಾಕರಿ ಬಡಿಯುತ್ತಾರೆ. ಒಂದೇ ಒಂದು ದೋಸೆ ಹುಯ್ಯುವುದಿಲ್ಲ. ನಮ್ಮ ಹಳ್ಳಿಗಳಲ್ಲೂ ರೊಟ್ಟಿಯೇ ನಿತ್ಯದ ಊಟ, ದೋಸೆ ಏನಿದ್ದರೂ ಹೋಟೆಲಿನದು ಅಥವಾ ಎಂದೋ ಒಮ್ಮೆ ಮಾಡುವುದು. ಗಾದೆಯಲ್ಲಿ ದೋಸೆ ಬಂದ ಕೂಡಲೇ ಆ ಅಡುಗೆಮನೆ ಘಟಪ್ರಭೆ, ಮಲಪ್ರಭೆ ದಾಟಿ ತೆಂಕಣಕ್ಕೆ ಹೋಗಿಬಿಡುತ್ತದೆ. ಕನ್ನಡದ ಗಾದೆ ಅಂದ ಮಾತ್ರಕ್ಕೆ ಅದು ಎಲ್ಲ ಕನ್ನಡದವರ ಅಡುಗೆಮನೆಗೂ ಸೇರಿದ್ದಲ್ಲ ನೋಡಿ.

ಇನ್ನೊಂದು ಕಾರಣ ನೋಟ್‌ಬುಕ್ಕಿನಲ್ಲಿತ್ತು. ಮೂರು ಪುಟ ಆದಮೇಲೆ ಮಗಳು ಬೆಳಗಿನ ಜಾವ ಎದ್ದು ತವರಿನ ಒಲೆಗೆ ಸಗಣಿ ಸಾರಿಸುತ್ತಾಳೆ. ಒಲೆಯ ಬಿರುಕು ಕಾಣುತ್ತದೆ. ಅಲ್ಲೇ ಕೂತು ಗಂಡನ ಮನೆಗೆ ವಾಪಸ್ ಹೋಗುವ ನಿರ್ಧಾರ ಮಾಡುತ್ತಾಳೆ. ಲೇಖಕರು ಗಾದೆಯಲ್ಲಿ ಬಿತ್ತಿದ ಒಲೆಯನ್ನು ಇಲ್ಲಿ ಕೊಯ್ಯುತ್ತಿದ್ದಾರೆ. ದೋಸೆ ಇಟ್ಟರೆ ಈ ಬಿರುಕಿಗೆ ಹಿಂದೆ ಬೇರು ಅನ್ನುವುದೇ ಇರುವುದಿಲ್ಲ. ಸುಮ್ನೆ ಒಲೆ ಸಾರಿಸಿದ ಹಾಗೆ ಆಗುತ್ತದೆ.

ಹೀಗಾಗಿ ಒಲೆ ಉಳಿಯಲೇಬೇಕಾಯಿತು. ಆದರೆ ಉಳಿಸಿದ ಮೇಲೆ ಅದು ಗಾದೆಯಂತೆ ಕೇಳಿಸಬೇಕು, ಇಲ್ಲದಿದ್ದರೆ ತಾಯಿ ಒಲೆಯ ಬಗ್ಗೆ ಮಾಹಿತಿ ಕೊಟ್ಟ ಹಾಗಿರುತ್ತದೆ. ಅದೃಷ್ಟಕ್ಕೆ ಕನ್ನಡದಲ್ಲಿ ಮನೆಗೂ ಮಣ್ಣಿಗೂ ಅಕ್ಷರ ಕೂಡುತ್ತದೆ: 'ಮನಿಮನಿಗೂ ಮಣ್ಣಿನ ಒಲೀನ, ಬಿಡವಾ.' ಮರಾಠಿಗಿಂತ ಒಂದು ಕೈ ಮೇಲೇ ಆಯಿತು ಅಂತ ನನ್ನ ಅಭಿಪ್ರಾಯ. ಅರ್ಥ ಬಿಡಿಸುವ ಮಾತು ಒಂದನ್ನೂ ಸೇರಿಸಲಿಲ್ಲ. ಮಗಳ ಮರುಮಾತು ಮೂಲದಲ್ಲೇ ಇದೆ: 'ನಿಮ್ಮ ಮನ್ಯಾಗೂ ಹಿಂಗ ಇತ್ತೇನ?' ಅಂತ ಅವಳು ಕೇಳುತ್ತಾಳೆ. ಗಾದೆ ಅರ್ಥವಾಗದವರಿಗೂ ಆ ಪ್ರಶ್ನೆಯಿಂದ ಅರ್ಥವಾಗುತ್ತದೆ. ಗಾದೆಯನ್ನು ಅಕ್ಷರಶಃ ಉಳಿಸುವ ಮುಂಚೆ ನಾನು ಹಿಂದಿನ ಮುಂದಿನ ಎರಡು ಮಾತು ನೋಡುವುದು ಇದಕ್ಕೇ. ಅವು ಭಾರ ಹೊರುವಂತಿದ್ದರೆ ಅಡಿಟಿಪ್ಪಣಿ ಬೇಡ.

ನೆಲ ಒಂದೇ ಆಗಿದ್ದಾಗ ಅಕ್ಷರಶಃ ಉಳಿಸುವುದು ಇನ್ನೂ ಸಲೀಸು. ಹೊಗಳಿ ಉಬ್ಬಿಸುವುದಕ್ಕೆ ಮರಾಠಿಯಲ್ಲಿ ಕಡಲೆ ಗಿಡದ ಮೇಲೆ ಹತ್ತಿಸುವುದು ಅನ್ನುತ್ತಾರೆ. ವಿಜಯಪುರ, ಬಾಗಲಕೋಟೆಯ ಎರೆಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತುವವರಿಗೆ ಆ ಗಿಡ ಮೊಣಕಾಲಿಗೂ ಬರುವುದಿಲ್ಲ ಅಂತ ಹೇಳಿಕೊಡಬೇಕೆ? 'ಅಂವನ್ನ ಕಡ್ಲಿ ಗಿಡಾ ಹತ್ತಿಸ್ಯಾರ' ಅಂದರೆ ನಗು ತಾನಾಗಿ ಬರುತ್ತದೆ. ಬಸವಣ್ಣನವರ ವಚನದ ಹೊನ್ನಶೂಲ ಇಲ್ಲಿ ನೆನಪಾಗುತ್ತದೆ, ಅದೂ ಹೊಗಳಿಕೆಯೇ ಶೂಲವಾಗುವ ಮಾತು. ಆದರೆ ಪಂಢರಪುರಕ್ಕೆ ನಡೆದುಹೋಗುವ ವಾರಕರಿ ಅಜ್ಜಿಯ ಬಾಯಲ್ಲಿ ವಚನದ ಮಾತು ಇಟ್ಟರೆ ಅವಳ ಮನೆದೇವರನ್ನೇ ಬದಲಿಸಿದ ಹಾಗೆ. ಓದುಗರಿಗೆ ಹತ್ತಿರ ತರುವುದಕ್ಕೂ ಒಂದು ಗಡಿ ಇದೆ, ಅಲ್ವಾ?

ಅದೇ ಅಜ್ಜಿ ಮೊಮ್ಮಗನನ್ನು ಊಟಕ್ಕೆ ಕರೆಯುವಾಗ 'ಆಧೀ ಪೋಟೋಬಾ, ಮಗ ವಿಠೋಬಾ' ಅನ್ನುತ್ತಾಳೆ. ಮೊದಲು ಹೊಟ್ಟೆ, ಆಮೇಲೆ ವಿಠಲ. ಪೋಟ ಅಂದರೆ ಹೊಟ್ಟೆ, ಅದಕ್ಕೆ 'ಬಾ' ಹಚ್ಚಿ ಹೊಟ್ಟೆಯನ್ನೇ ದೇವರು ಮಾಡಿದ ತಮಾಷೆ ಅದು. 'ಮೊದಲು ಊಟ, ಆಮೇಲೆ ಪೂಜೆ' ಅಂದರೆ ತಮಾಷೆ ಸತ್ತುಹೋಗುತ್ತದೆ. ನಾನು 'ಮೊದಲ ಹೊಟ್ಟೋಬಾ, ಆಮ್ಯಾಲ ವಿಠೋಬಾ' ಅಂತ ಮಾಡಿದೆ. ಇಲ್ಲದ ಪದ. ಆದರೆ ಪೋಟೋಬಾ ಕೂಡ ಯಾರೋ ಆಡುತ್ತ ಕಟ್ಟಿದ ಪದವೇ.

ಇಷ್ಟಾದ ಮೇಲೆ ಕಿವಿಯ ಪರೀಕ್ಷೆ. ಗೋಕಾಕದ ನಮ್ಮ ಅತ್ತೆಗೂ, ಮೈಸೂರು ಕಡೆಯ ಒಬ್ಬ ಗೆಳತಿಗೂ ಆ ಭಾಗಗಳನ್ನು ಓದಿ ಹೇಳಿದೆ. ಯಾವುದು ಗಾದೆ ಅಂತ ಮುಂಚೆ ಹೇಳುವುದಿಲ್ಲ. ಕೇಳುತ್ತ ಹೋಗುವವರು 'ಅಂದ್ರ?' ಅಂತ ತಡೆದರೆ ಒಂದು ಗುರುತು ಹಾಕುತ್ತೇನೆ. ನಗಬಾರದ ಕಡೆ ನಕ್ಕರೆ ಎರಡು ಗುರುತು, ಯಾಕೆಂದರೆ ಅಲ್ಲಿ ಗಾದೆ ಅರ್ಥವಾಗಿದೆ, ಆದರೆ ಬೇರೆಯದೇ ಅರ್ಥವಾಗಿದೆ. ಹೊಟ್ಟೋಬಾಗೆ ಇಬ್ಬರೂ ನಕ್ಕರು. ಕತ್ತೆ ಕಾಲಿಗೆ ಅತ್ತೆ ಏನೂ ಅನ್ನದೆ 'ಹೂಂ, ಮುಂದ ಓದು' ಅಂದರು. ಮೈಸೂರಿನ ಗೆಳತಿ 'ಗರಜು' ಹತ್ತಿರ ನಿಂತರು, ಆದರೆ ವಾಕ್ಯ ಮುಗಿಯುವಷ್ಟರಲ್ಲಿ ತಾವೇ ಹಿಡಿದುಕೊಂಡರು.

ಇಬ್ಬರೂ ಬೇರೆಯಾದದ್ದು ಒಂದೇ ಕಡೆ. ಮನೆಯ ಸಾಲವನ್ನು ಯಾರಿಗೂ ಹೇಳಬೇಡಿ ಅನ್ನುವ ಅಪ್ಪ 'ಝಾಕಲೀ ಮೂಠ ಸವ್ವಾ ಲಾಖಾಚೀ' ಅನ್ನುತ್ತಾನೆ. ಮುಚ್ಚಿದ ಮುಷ್ಟಿಗೆ ಸವ್ವಾ ಲಕ್ಷದ ಬೆಲೆ, ತೆರೆದರೆ ಬರಿಗೈ. ಅತ್ತೆಗೆ ಸವ್ವಾ ಅಂದರೆ ಒಂದೂಕಾಲು ಅಂತ ಗೊತ್ತು. ಗೆಳತಿಗೆ ಅದು ಹೊಸ ಪದ. ಪ್ರಕಾಶಕರು 'ಒಂದೂಕಾಲು ಲಕ್ಷ' ಮಾಡಿ ಅಂದರು. ಅದು ಬ್ಯಾಂಕಿನ ಪಾಸ್‌ಬುಕ್ಕಿನ ಹಾಗೆ ಕೇಳಿಸುತ್ತದೆ ಅಂದೆ. ಗಾದೆಯಲ್ಲಿ ಆ ಅಂಕಿಗೆ ಲೆಕ್ಕದ ಕೆಲಸವಿಲ್ಲ, ಬರೀ ದೊಡ್ಡ ಮೊತ್ತ ಅನ್ನಿಸಿದರೆ ಸಾಕು. ಕೊನೆಗೆ 'ಮುಚ್ಚಿದ ಮುಷ್ಟಿ ಲಕ್ಷದ್ದು, ಬಿಚ್ಚಿದರ ಭಿಕ್ಷದ್ದು' ಅಂತ ಅಚ್ಚಿಗೆ ಹೋಯಿತು. ಎರಡನೇ ಅರ್ಧ ಮೂಲದ ಸಾಲಿನಲ್ಲಿಲ್ಲ. ಅದನ್ನು ಪ್ರಕಾಶಕರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆದೇ ಇಟ್ಟೆ.