ಚಿಲ್ಲರೆ ಬದಲು ಚಾಕ್ಲೇಟ್ ಕೊಡಲ್ಲ: ಐದು ಸಾಲಿನ ಬ್ರ್ಯಾಂಡ್ ಪ್ರಣಾಳಿಕೆ ಬರೆದ ಅನುಭವ

ಬೆಂಗಳೂರಿನ ಒಂದು ದರ್ಶಿನಿ. ಮೂರು ಶಾಖೆ, ಅಡುಗೆಯವರು, ಸಪ್ಲೈಯರ್, ಕ್ಲೀನಿಂಗ್, ಕ್ಯಾಷ್ ಎಲ್ಲ ಸೇರಿ ಸುಮಾರು 60 ಜನ. ಇವರಿಗೆ ನಾನು ಬರೆದುಕೊಟ್ಟ ಪ್ರಣಾಳಿಕೆಯಲ್ಲಿ, ಅಂದರೆ ಹೋಟೆಲು ಗಿರಾಕಿಗೆ ಕೊಡುವ ಮಾತುಗಳಲ್ಲಿ, ಚಾಕ್ಲೇಟಿನ ಮಾತಿದೆ, ಸ್ಟೂಲಿನ ಮಾತಿದೆ ಅಂತ ಇದೇ ಕಸುಬಿನ ಗೆಳೆಯರು ನಕ್ಕಿದ್ದರು. 'ಇದು ಬ್ರ್ಯಾಂಡ್ ಮ್ಯಾನಿಫೆಸ್ಟೊ ಅಲ್ಲ, ಹೋಟೆಲ್ ಗೋಡೆಯ ಸೂಚನೆ' ಅಂದವರೂ ಉಂಟು. ಎಂಟು ತಿಂಗಳಾಯಿತು. ಐದೂ ಸಾಲನ್ನು ಲೋಟ ತೊಳೆಯುವ ಹುಡುಗನೂ ಹೇಳುತ್ತಾನೆ, ಗಿರಾಕಿಗಳು ನಾವು ಕೇಳದೆಯೇ ಅದರಲ್ಲಿ ಎರಡು ಮೂರನ್ನು ತಮ್ಮ ಮಾತಿನಲ್ಲಿ ಹೇಳುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ಲೆಕ್ಕ. ಮೊದಲ ಆವೃತ್ತಿ ಮುನ್ನೂರು ಚಿಲ್ಲರೆ ಪದದ್ದು. ಏಜೆನ್ಸಿಯೊಂದು ಬರೆದದ್ದು, 45 ಸಾವಿರದ ಆಸುಪಾಸು. 'ಪರಂಪರೆ', 'ಪರಿಶುದ್ಧತೆ', 'ಮನೆಯ ಅಕ್ಕರೆ' ಎಲ್ಲ ಇತ್ತು. ಫ್ರೇಮ್ ಹಾಕಿಸಿ ಮೂರೂ ಕಡೆ ನೇತುಹಾಕಿದ್ದಕ್ಕೆ ಇನ್ನೊಂದು 12 ಸಾವಿರ. ಒಂದು ಶಾಖೆಯಲ್ಲಿ ಅದರ ಮೇಲೇ ನೀರಿನ ಕ್ಯಾನಿನ ಹುಡುಗನ ನಂಬರು ಅಂಟಿಸಿದ್ದರು, ಅಷ್ಟು ಸಾಕು ವಿಮರ್ಶೆ. ಎರಡನೆಯದು ಬಾಯಿಪಾಠದ ಸ್ಪರ್ಧೆ, ತಪ್ಪಿಲ್ಲದೆ ಒಪ್ಪಿಸಿದವರಿಗೆ ಬಹುಮಾನ. ಆರೇಳು ಸಾವಿರ ಖರ್ಚಾಯಿತು, ನಲವತ್ತು ಜನ ಗಿಳಿಯಂತೆ ಒಪ್ಪಿಸಿದರು, ಕೌಂಟರಿನಲ್ಲಿ ಒಂದೂ ಬದಲಾಗಲಿಲ್ಲ. ಬಾಯಿಗೆ ಬಂದ ಮಾತು ಕೈಗೆ ಬರಬೇಕಾದರೆ ಅದರಲ್ಲಿ ಕೈಗೊಂದು ಕೆಲಸ ಇರಬೇಕು. 'ಅಕ್ಕರೆಯಿಂದ ಬಡಿಸುತ್ತೇವೆ' ಅನ್ನುವುದನ್ನು ಬೆಳಿಗ್ಗೆ ಎಂಟೂವರೆಗೆ ಮೂವತ್ತು ಟೋಕನ್ ಮುಂದಿರುವಾಗ ಹೇಗೆ ಮಾಡುವುದು?

ಇನ್ನೊಂದು ತಪ್ಪು ಹೆಸರಿನದು. 'ಪ್ರಣಾಳಿಕೆ' ಅಂದ ಕೂಡಲೇ ಹುಡುಗರು ಎಲೆಕ್ಷನ್ ನೆನೆದು ನಗುತ್ತಿದ್ದರು. ಪ್ರಣಾಳಿಕೆ ಅಂದರೆ ಗೆದ್ದ ಮೇಲೆ ಮರೆಯುವಂಥದ್ದು ಅಂತ ಅರ್ಥವಾಗಿಬಿಟ್ಟಿದೆ. ಈಗ ಒಳಗೆ ಅದಕ್ಕೆ 'ಐದು ಮಾತು' ಅಂತಲೇ ಹೆಸರು.

ಮೂರನೇ ಪ್ರಯತ್ನದಲ್ಲಿ ಮೊದಲಿಗೇ ಬರೆಯಲು ಕೂರಲಿಲ್ಲ. ಪ್ರತಿ ಶಾಖೆಯಲ್ಲಿ ಮೂರು ದಿನ, ಬೆಳಿಗ್ಗೆ ಏಳರಿಂದ ಹನ್ನೊಂದು, ಸಂಜೆ ಐದರಿಂದ ಎಂಟು, ಕ್ಯಾಷ್ ಪಕ್ಕ ನಿಂತು ಗಿರಾಕಿ ಮುಖ ಗಂಟಿಕ್ಕಿದ ಪ್ರತಿ ಸಲವೂ ಒಂದು ಸಾಲು ಬರೆದುಕೊಂಡೆ. ಇನ್ನೂರಕ್ಕೆ ಸ್ವಲ್ಪ ಹೆಚ್ಚು ಸಾಲು ಸಿಕ್ಕವು. ರುಚಿಯ ದೂರು ತೀರಾ ಕಡಿಮೆ. ಹೆಚ್ಚಿನದು ಇವೇ: ಟೋಕನ್ ತಗೊಂಡ ಮೇಲೆ 'ವಡೆ ಮುಗೀತು' ಅನ್ನುವುದು, ಆರಿದ ಕಾಫಿ, ಎರಡು ರೂಪಾಯಿ ಬದಲು ಚಾಕ್ಲೇಟು, ಹುಳಿ ಹೊಡೆದ ಚಟ್ನಿ, ನಿಂತು ತಿನ್ನಲಾಗದ ವಯಸ್ಸಾದವರು. ಪ್ರಣಾಳಿಕೆಯ ಕಚ್ಚಾವಸ್ತು ಇದೇ. ಮಾಲೀಕರ ಕನಸು ಕೇಳಿ ಬರೆಯಲು ಕೂತರೆ ಮತ್ತೆ ಪರಿಶುದ್ಧತೆಗೇ ಹೋಗಿ ನಿಲ್ಲುತ್ತೇವೆ.

ಕೊನೆಗೆ ನಿಂತ ಐದು ಮಾತು ಹೀಗಿವೆ:

ಬಿಸಿ ಆರಿದ್ರೆ ಬೇರೆ ಕೊಡ್ತೀವಿ.
ಚಿಲ್ಲರೆ ಬದಲು ಚಾಕ್ಲೇಟ್ ಕೊಡಲ್ಲ.
ಇಲ್ಲದ್ದು ಇಲ್ಲ ಅಂತ ಮೊದಲೇ ಹೇಳ್ತೀವಿ.
ಮಿಕ್ಕ ಚಟ್ನಿ ಮರುದಿನಕ್ಕಿಲ್ಲ.
ಹಿರಿಯರಿಗೆ ಸ್ಟೂಲ್ ಹುಡುಕಿ ಕೊಡ್ತೀವಿ.

ಒಂದೊಂದೂ ಐದಾರು ಪದದೊಳಗೆ. ಕೈಯಲ್ಲಿ ನಾಲ್ಕು ತಟ್ಟೆ ಹಿಡಿದು ನಡೆಯುತ್ತಾ ಒಂದೇ ಉಸಿರಿಗೆ ಹೇಳಲು ಬರಬೇಕು, ಅದು ನನ್ನ ಪರೀಕ್ಷೆ. 'ನಾವು' ಅನ್ನುವ ಪದ ಎಲ್ಲೂ ಇಲ್ಲ, ಕ್ರಿಯಾಪದದಲ್ಲೇ ಅದು ಅಡಗಿದೆ. ಸಾಲಿನ ತಲೆಯಲ್ಲೂ ನಡುವಿನಲ್ಲೂ ಒಂದೇ ಅಕ್ಷರದ ಮೊಳಗು ಇರುವಂತೆ ನೋಡಿಕೊಂಡೆ: ಬಿಸಿ-ಬೇರೆ, ಚಿಲ್ಲರೆ-ಚಾಕ್ಲೇಟು, ಮಿಕ್ಕ-ಮರುದಿನ. ಹಳೆಗನ್ನಡದ ಹಾಗೆ ಎರಡನೇ ಅಕ್ಷರಕ್ಕೆ ಪ್ರಾಸ ಕೂರಿಸಿಯೂ ನೋಡಿದ್ದೆ. ಕೇಳಲು ಸೊಗಸಾಗಿತ್ತು. ಆದರೆ ಪ್ರಾಸಕ್ಕಾಗಿ 'ಚಟ್ನಿ' ಹೋಗಿ 'ಸಟ್ಟುಗ' ಬಂತು, ಮಾತು ಕೆಟ್ಟಿತು, ಬಿಟ್ಟೆ. ಸಾಲುಗಳ ಕ್ರಮಕ್ಕೂ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು.

ಅರ್ಧದಷ್ಟು ಹುಡುಗರು ಬಿಹಾರ, ಒಡಿಶಾ, ನೇಪಾಳದವರು. ಅವರಿಗೆ ಕನ್ನಡವನ್ನೇ ಹಿಂದಿಗೆ ಅನುವಾದಿಸಿ ಕೊಟ್ಟದ್ದು ಕೈಕೊಟ್ಟಿತು. ಅವರನ್ನೇ ಕೂರಿಸಿ, ಸಂದರ್ಭ ಹೇಳಿ, 'ಇದನ್ನ ನೀವು ಹೇಗೆ ಹೇಳ್ತೀರಿ' ಅಂತ ಕೇಳಿದಾಗ 'ಛುಟ್ಟೇ ಕೀ ಜಗಹ್ ಟಾಫೀ ನಹೀಂ' ಅನ್ನುವಂಥ ಸಾಲು ತಾನಾಗಿ ಬಂತು. ಅದು ನನ್ನ ಕನ್ನಡ ಸಾಲಿಗಿಂತ ಚುರುಕು.

ಇನ್ನು ಮುಖ್ಯ ವಿಷಯ: ಪ್ರತಿ ಸಾಲಿಗೂ ಒಂದು ಖರ್ಚು, ಒಂದು ಅಧಿಕಾರ ಜೋಡಿಸದಿದ್ದರೆ ಅದು ಮತ್ತೆ ಫ್ರೇಮಿಗೇ ಹೋಗುತ್ತದೆ. ರಿಟ್ಜ್-ಕಾರ್ಲ್‌ಟನ್ ಹೋಟೆಲಿನವರು ತಮ್ಮ ಧ್ಯೇಯವನ್ನು ಕಿಸೆಯಲ್ಲಿಡುವ ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಪ್ರತಿ ಪಾಳಿಗೆ ಮೊದಲು ಸಾಲುಗಟ್ಟಿ ಅದರ ಬಗ್ಗೆ ಮಾತಾಡುವುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಕಾರ್ಡನ್ನು ಎಲ್ಲರೂ ನಕಲು ಮಾಡುತ್ತಾರೆ. ಅತಿಥಿಯ ತೊಂದರೆ ಸರಿಪಡಿಸಲು ಯಾವ ನೌಕರನೂ ಮೇಲಿನವರನ್ನು ಕೇಳದೆ 2000 ಡಾಲರ್‌ವರೆಗೆ ಖರ್ಚು ಮಾಡಬಹುದು ಅನ್ನುವ ಅವರ ನಿಯಮವನ್ನು ಮಾತ್ರ ನಕಲು ಮಾಡುವುದಿಲ್ಲ. ನಮ್ಮಲ್ಲಿ ಅದು 150 ರೂಪಾಯಿ.

ಮೊದಲ ಸಾಲಿನಲ್ಲೇ ಇದು ಗೊತ್ತಾಯಿತು. ಸಾಲು ಬಾಯಿಗೆ ಬಂದಿತ್ತು, ಆದರೆ ಗಿರಾಕಿ 'ದೋಸೆ ಆರಿದೆ' ಅಂದ ಕೂಡಲೇ ಸಪ್ಲೈಯರ್ ಕಣ್ಣು ಕ್ಯಾಷಿಯರ್ ಕಡೆ ಹೊರಳುತ್ತಿತ್ತು. ಆ ಕಣ್ಣು ಹೊರಳುವುದನ್ನು ಎಣಿಸಿ. ಹತ್ತರಲ್ಲಿ ಎರಡಕ್ಕಿಂತ ಹೆಚ್ಚಿದ್ದರೆ ನಿಮ್ಮ ಪ್ರಣಾಳಿಕೆ ಇನ್ನೂ ಕಾಗದದಲ್ಲೇ ಇದೆ. ಕಾರಣ ಕೇಳಿದರೆ ಹುಡುಗರು ಹೇಳಲಿಲ್ಲ. ಅಡುಗೆಭಟ್ಟರು ಹೇಳಿದರು: 'ಸಾರ್, ತಟ್ಟೆ ವಾಪಸ್ ಬಂದ್ರೆ ಸಂಬಳದಲ್ಲಿ ಹಿಡೀತಾರೆ ಅಂತ ಹೆದರ್ತಾರೆ.' ಹಾಗೆ ಹಿಡಿಯುವ ಪದ್ಧತಿ ನಿಂತು ವರ್ಷಗಳಾಗಿತ್ತು, ಹೆದರಿಕೆ ನಿಂತಿರಲಿಲ್ಲ. ಬಿಲ್ಲಿಂಗ್ ಮಷೀನಿನಲ್ಲಿ 'ಬದಲಿ' ಅಂತ ಸೊನ್ನೆ ಬೆಲೆಯ ಒಂದು ಐಟಂ ಸೇರಿಸಿದೆವು. ಯಾರು ಬದಲಾಯಿಸಿದರು ಅನ್ನುವ ಹೆಸರು ಅದರಲ್ಲಿ ದಾಖಲಾಗುವುದಿಲ್ಲ, ಎಷ್ಟು ಅನ್ನುವುದಷ್ಟೇ. ಮೊದಲ ವಾರ ಮೂರೂ ಕಡೆ ಸೇರಿ ದಿನಕ್ಕೆ ನಲವತ್ತರವರೆಗೆ ಹೋಯಿತು, ಮಾಲೀಕರು ನನ್ನನ್ನು ಹುಡುಕತೊಡಗಿದರು. ತಿಂಗಳೊಳಗೆ ಹದಿನೈದಕ್ಕೆ ಇಳಿದು ಅಲ್ಲೇ ನಿಂತಿತು. ಸಾಮಾನಿನ ಖರ್ಚು ತಟ್ಟೆಗೆ 20 ರೂಪಾಯಿ ಹಿಡಿದರೂ ತಿಂಗಳಿಗೆ ಒಂಬತ್ತು ಸಾವಿರ. ಬೇಕೆಂದೇ ಎರಡು ಸಲ ತಿನ್ನುವವರು ಇದ್ದಾರೆ, ಇಡೀ ದಿನಕ್ಕೆ ಒಬ್ಬರೋ ಇಬ್ಬರೋ. ಅವರನ್ನು ಹಿಡಿಯಲು ಹೋಗಬೇಡಿ, ಹಿಡಿಯುವ ಗಲಾಟೆಯನ್ನು ಉಳಿದ ಗಿರಾಕಿಗಳು ನೋಡುತ್ತಾರೆ.

ಇದೇ ಸಾಲು ಮೊದಲು 'ಮೂರು ನಿಮಿಷದಲ್ಲಿ ಬಿಸಿ ಕಾಫಿ' ಅಂತಿತ್ತು. ಅಂಕಿ ಹಾಕಿದ್ದೇ ತಪ್ಪು. ಹುಡುಗರು ಡಿಕಾಕ್ಷನ್ ಹಾಲು ಮೊದಲೇ ಬೆರೆಸಿ ಇಟ್ಟುಕೊಳ್ಳತೊಡಗಿದರು. ನಿಮಿಷ ಉಳಿಯಿತು, ಕಾಫಿ ಹೋಯಿತು. ಅಂಕಿ ಕೊಟ್ಟರೆ ಜನ ಅಂಕಿಯನ್ನೇ ಕಾಯುತ್ತಾರೆ.

ಚಾಕ್ಲೇಟಿನ ಸಾಲು ಸುಲಭ ಅಂದುಕೊಂಡಿದ್ದೆ. ನಾಲ್ಕೇ ದಿನಕ್ಕೆ ನಾಣ್ಯ ಮುಗಿಯಿತು. ದೇವಸ್ಥಾನದ ಹುಂಡಿಯ ಚಿಲ್ಲರೆಗೆ ಓಡಾಡಿದ್ದಾಯಿತು, ಬಸ್ ಕಂಡಕ್ಟರ್‌ಗಳನ್ನು ಕೇಳಿದ್ದಾಯಿತು. ನಿಜವಾದ ಪರಿಹಾರ ಬೆಲೆಪಟ್ಟಿಯಲ್ಲಿತ್ತು: ತೆರಿಗೆ ಸೇರಿಸಿ ಎಲ್ಲ ಬೆಲೆಯೂ ಐದರ ಲೆಕ್ಕಕ್ಕೆ ಬರುವಂತೆ ಮಾಡಿದೆವು, ಕೆಲವು ಎರಡು ರೂಪಾಯಿ ಮೇಲೆ, ಕೆಲವು ಕೆಳಗೆ. ಎಲ್ಲವನ್ನೂ ಮೇಲಕ್ಕೇ ಎಳೆದಿದ್ದರೆ ಗಿರಾಕಿಗಳು ಆ ಸಾಲನ್ನೇ ತಿರುಗಿಸಿ ಬೈಯುತ್ತಿದ್ದರು. ಕಾಫಿ, ಇಡ್ಲಿ ಕೆಳಗಿಳಿದವು. ಐದರ ನಾಣ್ಯವೂ ಇಲ್ಲದ ಹೊತ್ತಿನಲ್ಲಿ ನಷ್ಟ ಹೋಟೆಲಿನದು, ಗಿರಾಕಿಗೆ ಹತ್ತರ ನೋಟು. ಯುಪಿಐ ಬಂದಿದೆಯಲ್ಲ ಅನ್ನಬೇಡಿ, ಬೆಳಗಿನ ಕಾಫಿಗೆ ನೋಟು ಹಿಡಿದು ಬರುವವರು ಇನ್ನೂ ಬೇಕಷ್ಟಿದ್ದಾರೆ.

'ಇಲ್ಲದ್ದು' ಸಾಲಿಗೆ ಕ್ಯಾಷ್ ಪಕ್ಕ ಒಂದು ಸ್ಲೇಟು, ಅಡುಗೆಮನೆಯಿಂದ ಬಾರಿಸಲು ಒಂದು ಗಂಟೆ, ಅಷ್ಟೇ. ವಡೆ ಕೊನೆಯ ಹತ್ತಕ್ಕೆ ಬಂದಾಗಲೇ ಗಂಟೆ ಬಾರಿಸಬೇಕು. ಮುಗಿದ ಮೇಲೆ ಬಾರಿಸಿದರೆ ಅಷ್ಟರಲ್ಲಿ ಟೋಕನ್ ಹೊರಗೆ ಹೋಗಿರುತ್ತದೆ.

ಕಲಿಸಿದ ರೀತಿ ಹೇಳುತ್ತೇನೆ. ಐದನ್ನೂ ಸಾಲಾಗಿ ಹೇಳಿಸುವುದಿಲ್ಲ. ಹೊಸಬ ಬಂದರೆ ಮೂರು ದಿನ ಹಳಬನ ಜೊತೆ, ಪ್ರತಿ ಸಾಲನ್ನೂ ಅದು ನಡೆಯುವ ಜಾಗದಲ್ಲೇ ನಿಂತು ಹೇಳಿಸುವುದು: ಚಾಕ್ಲೇಟು ಗಲ್ಲಾದ ಎದುರು, ಚಟ್ನಿ ಗ್ರೈಂಡರ್ ಪಕ್ಕ. ಕೇಳುವಾಗ 'ಎರಡನೇ ಮಾತು ಯಾವುದು' ಅಂತ ಕೇಳುವುದಿಲ್ಲ. 'ಒಬ್ಬರು ತಟ್ಟೆ ದೂಡಿ ಸುಮ್ಮನೆ ನಿಂತಿದ್ದಾರೆ, ಏನ್ ಮಾಡ್ತೀಯ' ಅಂತ ಕೇಳಬೇಕು. ಸಾಲು ಹೇಳಿ ಕೈಯೂ ಆಡಿಸಿದರೆ ಪಾಸು. ಮೊದಲ ವಾರ ಅರವತ್ತರಲ್ಲಿ ಹದಿನಾಲ್ಕು, ಆರನೇ ವಾರಕ್ಕೆ ಐವತ್ತರ ಹತ್ತಿರ. ದೀಪಾವಳಿ, ಛಟ್ ಹಬ್ಬಕ್ಕೆ ಊರಿಗೆ ಹೋದವರಲ್ಲಿ ಎಷ್ಟೋ ಜನ ವಾಪಸ್ ಬರುವುದಿಲ್ಲ, ಆಗ ಮತ್ತೆ ಮೂವತ್ತಕ್ಕೆ ಬೀಳುತ್ತದೆ. ಆ ತಿಂಗಳು ಮರುಎಣಿಕೆ ಬಿಡಬಾರದು.

ಗಿರಾಕಿಗಳ ಕಡೆ ಪರೀಕ್ಷೆ ಒಂದೇ ಪ್ರಶ್ನೆಯದು. ಕೈ ತೊಳೆದು ಹೊರಡುವವರನ್ನು, ಶಾಖೆಗೆ ನಲವತ್ತು ಜನರಂತೆ, 'ಇಲ್ಲಿ ಏನು ಬೇರೆ ಥರ ಅನ್ಸುತ್ತೆ' ಅಂತ ಕೇಳಿದೆವು. ಐದು ಮಾತು ತೋರಿಸುವಂತಿಲ್ಲ. ಮೊದಲು ಕೇಳಿದಾಗ 'ರುಚಿ', 'ಮನೆಗೆ ಹತ್ತಿರ'. ನಾಲ್ಕು ತಿಂಗಳ ಮೇಲೆ ನೂರಿಪ್ಪತ್ತರಲ್ಲಿ ಮೂವತ್ತಕ್ಕೂ ಹೆಚ್ಚು ಜನ ಚಿಲ್ಲರೆಯ ಮಾತಾಡಿದರು, ಇಪ್ಪತ್ತರಷ್ಟು ಸ್ಟೂಲಿನದು, ಹತ್ತು ಹನ್ನೆರಡು ಬದಲಿ ತಟ್ಟೆಯದು. ಚಟ್ನಿ ಬಗ್ಗೆ ಒಬ್ಬರೂ ಇಲ್ಲ! ದಿನಾ ಉಳಿದದ್ದು ಚೆಲ್ಲುತ್ತಿದ್ದೆವು, ಆದರೆ ಚೆಲ್ಲುವುದು ಅಡುಗೆಮನೆಯ ಒಳಗೆ, ರಾತ್ರಿ ಹತ್ತಕ್ಕೆ. ಕಾಣದ ನಡತೆಯನ್ನು ಗಿರಾಕಿ ಹೇಗೆ ಗುರುತಿಸಬೇಕು? ರುಬ್ಬುವ ಪ್ರಮಾಣ ಕಡಿಮೆ ಮಾಡಿ ದಿನಕ್ಕೆ ಎರಡರ ಬದಲು ನಾಲ್ಕು ಸಲ ರುಬ್ಬಿಸಿದೆವು. ಕೊನೆಯ ಸಲದ್ದು ಮುಗಿದರೆ 'ಇವತ್ತಿನ ಚಟ್ನಿ ಮುಗೀತು, ಸಾಂಬಾರ್ ಇದೆ' ಅಂತ ಅದೇ ಸ್ಲೇಟಿನಲ್ಲಿ. ಮೊದಮೊದಲು ಗೊಣಗಿದರು, ಕೊನೆಯ ಅರ್ಧ ಗಂಟೆಯ ದೋಸೆ ವ್ಯಾಪಾರ ಬಿತ್ತು. ಮುಂದಿನ ಸಲ ಕೇಳಿದಾಗ ಹದಿನೈದು ಜನರ ಬಾಯಲ್ಲಿ ಚಟ್ನಿ ಬಂತು. ಮಾಲೀಕರು ಆ ಅರ್ಧ ಗಂಟೆಯ ಲೆಕ್ಕವನ್ನು ಈಗಲೂ ನನಗೆ ಹೇಳುತ್ತಿರುತ್ತಾರೆ.

ಸ್ಟೂಲು ಶಾಖೆಗೆ ನಾಲ್ಕು, ಒಂದಕ್ಕೆ ಐನೂರರೊಳಗೆ, ಇಡೀ ಯೋಜನೆಯಲ್ಲಿ ಅತಿ ಅಗ್ಗದ ಸಾಲು. ಕಾಲೇಜು ಪಕ್ಕದ ಶಾಖೆಯಲ್ಲಿ ಮಾತ್ರ ಹಿರಿಯರೇ ಬರುವುದಿಲ್ಲ, ಹುಡುಗರು ಅದರ ಮೇಲೆ ಬ್ಯಾಗ್ ಇಡುತ್ತಾರೆ. ಅಲ್ಲಿಗೆ ಬೇರೆ ಐದನೇ ಸಾಲು ಬರೆದು ನೋಡಿದೆ. ಒಂದು ಶಾಖೆಯಿಂದ ಇನ್ನೊಂದಕ್ಕೆ ಬದಲಾದ ಸಪ್ಲೈಯರ್‌ಗಳು ಎರಡನ್ನೂ ಬೆರೆಸಿ ಒಪ್ಪಿಸತೊಡಗಿದರು, ವಾಪಸ್ ತೆಗೆದೆ.

ಈಗ ಗಂಟಲಲ್ಲಿ ಸಿಕ್ಕಿರುವುದು ಪಾರ್ಸೆಲ್. ಆ್ಯಪ್‌ನಿಂದ ಬರುವ ಆರ್ಡರಿಗೆ ಈ ಐದರಲ್ಲಿ ಎರಡು ಮಾತ್ರ ಅನ್ವಯ: ಇಲ್ಲದ್ದು ಮತ್ತು ಚಟ್ನಿ. ಬಿಸಿಯ ಮಾತು ಡೆಲಿವರಿ ಹುಡುಗನ ಬೈಕಿನ ಮೇಲೆ ನಿಂತಿದೆ, ಅದನ್ನು ನಾವು ಕೊಡುವಂತಿಲ್ಲ. ಸದ್ಯಕ್ಕೆ ಚಟ್ನಿ ಡಬ್ಬಿಯ ಮೇಲೆ ರುಬ್ಬಿದ ಹೊತ್ತನ್ನು ಪೆನ್ನಿನಲ್ಲಿ ಬರೆದು ಕಳಿಸುತ್ತಿದ್ದೇವೆ. ರಷ್ಷಿನಲ್ಲಿ ಹುಡುಗರು ಬೆಳಿಗ್ಗೆಯೇ ನೂರು ಡಬ್ಬಿಗೆ ಒಂದೇ ಹೊತ್ತು ಬರೆದಿಟ್ಟುಕೊಂಡಿದ್ದು ಹೋದ ವಾರ ಸಿಕ್ಕಿಬಿತ್ತು.