ಸಂಘದ ಉಳಿತಾಯವನ್ನು ಬೋಣಿಯಲ್ಲೇ ಎತ್ತಿಡಿ

ತರಕಾರಿ ಗಾಡಿ ಇರುವ ಮನೆಯವರು ಸಂಘಕ್ಕೆ ಕಟ್ಟುವ ದುಡ್ಡನ್ನು ರಾತ್ರಿ ಲೆಕ್ಕ ಮಾಡುವಾಗ ತೆಗೆಯಬೇಡಿ, ಬೆಳಿಗ್ಗೆ ಬೋಣಿ ಆದ ತಕ್ಷಣ ಡಬ್ಬಿಗೆ ಹಾಕಿಬಿಡಿ. ಸಂಜೆ ಕೈಯಲ್ಲಿರುವುದು ಬಂಡವಾಳ, ಲಾಭ ಎರಡೂ ಕಲೆತ ದುಡ್ಡು. ಮರುದಿನದ ಮಾಲಿಗೆ ಅಂತ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುತ್ತೇವೆ, ಉಳಿತಾಯ ನಾಳೆಗೆ ಹೋಗುತ್ತದೆ. ಕೋಲಾರದ ನಮ್ಮ ಬೀದಿಯಲ್ಲಿ ಟೊಮೆಟೊ, ಸೊಪ್ಪು ಮಾರುವ ಅಕ್ಕನ ಮನೆಯಲ್ಲಿ ದಿನಕ್ಕೆ 20 ರೂಪಾಯಿ ಹೀಗೇ ಎತ್ತಿಡುತ್ತಾರೆ. ವಾರಕ್ಕೆ 6 ದಿನ ವ್ಯಾಪಾರ, ಅಂದರೆ 120. ಸ್ತ್ರೀಶಕ್ತಿ ಸಂಘಕ್ಕೆ 100 ಕಟ್ಟಿ, ಅಲ್ಲೇ ಪಾಸ್‌ಪುಸ್ತಕದಲ್ಲಿ ಬರೆಸಿಕೊಳ್ಳುತ್ತಾರೆ. ಮಿಕ್ಕ 20 ಡಬ್ಬಿಯಲ್ಲೇ ಇರುತ್ತದೆ, ಅದನ್ನು ಮಾತ್ರ ಮುಟ್ಟಬಾರದು. 5 ವಾರಕ್ಕೆ ಅದೇ 100 ಆಗುತ್ತದೆ. ಮಳೆ ಹಿಡಿದು ಗಾಡಿ ಹೊರಡದ ವಾರದ ಕಂತು ಅದರಿಂದಲೇ ಹೋಗುತ್ತದೆ. ಗಾಡಿಯಲ್ಲಿ ಗಂಡ ನಿಂತಿದ್ದರೂ ಇದೇ ನಿಯಮ ಇರಲಿ, ಇಲ್ಲದಿದ್ದರೆ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಚಿಲ್ಲರೆಗೆ ಅಂತ ತೆಗೆಯುತ್ತಾರೆ. ಆದರೆ ದಿನದ ಸಾಲದಲ್ಲಿ ಮಾಲು ತರುವವರಿಗೆ ಇದು ಸಾಕಾಗುವುದಿಲ್ಲ. ಬೆಳಿಗ್ಗೆ 900 ತಗೊಂಡು ಸಂಜೆ 1000 ಕೊಡುವವರು ದಿನಕ್ಕೆ 100 ಕಳೆದುಕೊಳ್ಳುತ್ತಿದ್ದಾರೆ, 20 ಉಳಿಸಿ ಏನು ಬಂತು? ಅಂಥವರು ಮೊದಲು ಸಂಘದ ಒಳಸಾಲ ಕೇಳಿ, ಆ ಬಂಡವಾಳವನ್ನು ಸ್ವಂತದ್ದು ಮಾಡಿಕೊಳ್ಳಿ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಅಂದರೂ 900ಕ್ಕೆ ತಿಂಗಳಿಗೆ 18 ರೂಪಾಯಿ ಅಷ್ಟೇ.