ನೈಟ್ ಶಿಫ್ಟ್ ಗೆಳತಿಗೆ ಕತ್ತಲೆಯನ್ನೇ ಗಿಫ್ಟ್ ಕೊಡಿ

ರಾತ್ರಿ ಪಾಳಿ ಮಾಡೋರಿಗೆ ಎಲ್ಲರೂ ಕೊಡೋದು ಕಾಫಿ ಮಗ್. ನಾನೂ ಕೊಟ್ಟಿದ್ದೆ, ಅದು ಈಗ ಪೆನ್ ಸ್ಟ್ಯಾಂಡ್ ಆಗಿದೆ! ಅವರಿಗೆ ನಿಜಕ್ಕೂ ಬೇಕಿರೋದು ಹಗಲಲ್ಲಿ ಕತ್ತಲೆ. ಬೆಳಕು ಬಿದ್ದರೆ ನಿದ್ದೆಗೆ ಸಿದ್ಧಪಡಿಸುವ ಮೆಲಟೋನಿನ್ ಹಾರ್ಮೋನ್ ತಗ್ಗುತ್ತದೆ.

ಆಮೇಲೆ ಗೆಳತಿಗೆ ಬ್ಲ್ಯಾಕ್‌ಔಟ್ ಪರದೆ ಕೊಟ್ಟೆ. ಕಿಟಕಿಯಷ್ಟೇ ಅಗಲದ್ದು ತಂದದ್ದು ನನ್ನ ತಪ್ಪು. ಬಟ್ಟೆ ಗಟ್ಟಿಯಿತ್ತು, ಆದರೆ ಅಂಚುಗಳಿಂದ ಬೆಳಕಿನ ಪಟ್ಟಿ ನೇರ ದಿಂಬಿನ ಮೇಲೆ. ಹಾಗಾಗಿ ಎರಡೂ ಬದಿಗೆ 15 ಸೆಂ.ಮೀ. ಹೆಚ್ಚು ಅಗಲ ಇರಲಿ, ರಾಡ್ ಕಿಟಕಿಗಿಂತ ಮೇಲಿರಲಿ. ಮಧ್ಯಾಹ್ನ ಪರದೆ ಎಳೆದು ಐದು ನಿಮಿಷ ಕೂತು ಕೈ ಚಾಚಿ ನೋಡಿ. ಬೆರಳು ಎಣಿಸೋಕೆ ಆದರೆ ಎಲ್ಲೋ ಸಂದಿ ಇದೆ ಅಂತಲೇ ಅರ್ಥ. ಅಂಚನ್ನು ಗೋಡೆಗೆ ವೆಲ್ಕ್ರೋ ಪಟ್ಟಿಯಿಂದ ಅಂಟಿಸಿದರೆ ಸಾಕು.

ಬಾಡಿಗೆ ಮನೆ, ಮೊಳೆ ಹೊಡೆಯೋ ಹಾಗಿಲ್ವಾ? ಕಣ್ಣಿನ ಜಾಗದಲ್ಲಿ ಗುಳಿ ಇರುವ ಐ ಮಾಸ್ಕ್ ಕೊಡಿ, ರೆಪ್ಪೆ ಒತ್ತುವುದಿಲ್ಲ. ಮಗ್ಗುಲಾಗಿ ಮಲಗೋರಿಗೆ ಮಾತ್ರ ತೆಳುವಾದದ್ದೇ ಸರಿ, ದಪ್ಪದ್ದು ಜಾರುತ್ತೆ.

ಕಾಫಿ ಕೊಡಲೇಬೇಕು ಅಂದ್ರೆ ಜೊತೆಗೊಂದು ಚೀಟಿ ಇಡಿ: ಮಲಗೋಕೆ ಆರು ಗಂಟೆ ಮುಂಚೆಯೇ ಕೊನೇ ಕಪ್.